ಎರಡೂವರೆ ಸೆಕೆಂಡ್ ಮುಂಚೆ ಬಂದ ತಂಗಿ

ಪ್ರಶ್ನೆ: ನಮ್ಮದು ಮಂಡ್ಯ ಕಡೆ ಭಾಷೆಯ ಚಿಕ್ಕ ಬಜೆಟ್ ಸಿನಿಮಾ. ಹೊರಗಿನವರಿಗೂ ತಲುಪಬೇಕು ಅಂತ ಆಸೆ. ಇಂಗ್ಲಿಷ್ ಸಬ್‌ಟೈಟಲ್ ಸಾಕಾ, ಇಲ್ಲ ತೆಲುಗಿಗೆ ಡಬ್ ಮಾಡಿಸೋದು ಒಳ್ಳೇದಾ? ಡೈಲಾಗ್ ಸ್ಕ್ರಿಪ್ಟ್ ರೆಡಿ ಇದೆ, ಅದನ್ನೇ ಯಾರಾದರೂ ಇಂಗ್ಲಿಷ್ ಚೆನ್ನಾಗಿ ಬರೋರ ಹತ್ರ ಟ್ರಾನ್ಸ್‌ಲೇಟ್ ಮಾಡಿಸಿದ್ರೆ ಆಗುತ್ತಲ್ವಾ?

ಆ "ಇಂಗ್ಲಿಷ್ ಚೆನ್ನಾಗಿ ಬರೋರು" ಒಂದು ಕಾಲಕ್ಕೆ ನಾನೇ ಆಗಿದ್ದೆ ಸರ್. ಮೈಸೂರಲ್ಲಿ ಪಿಯುಸಿ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಹೇಳ್ಕೊಡ್ತಿದ್ದೆ. ಹಾಸ್ಟೆಲ್‌ನಲ್ಲಿ ಜೊತೆಗಿದ್ದ ಗೆಳೆಯ ಪಾಂಡವಪುರದ ಕಡೆ ಒಂದು ಸಿನಿಮಾ ಮಾಡಿದ. ನೂರಾ ಹತ್ತು ಪುಟದ ಸ್ಕ್ರಿಪ್ಟ್ ತಂದು ಟೇಬಲ್ ಮೇಲೆ ಇಟ್ಟು, "ಗುರು, ಇದನ್ನ ಇಂಗ್ಲಿಷ್ ಮಾಡ್ಕೊಡು, ಟೈಮಿಂಗ್ ಆಮೇಲೆ ಕೂರಿಸೋಣ" ಅಂದ. ನಾನು ಒಪ್ಪಿಕೊಂಡೆ. ಕೆಟ್ಟಿದ್ದು ಅಲ್ಲೇ.

ಮೂರು ವಾರ ಕೂತು ಪೂರ್ತಿ ಪೇಪರ್ ಮೇಲೆ ಅನುವಾದ ಮಾಡಿದೆ. ಆಮೇಲೆ ಸಬ್‌ಟೈಟಲ್ ಎಡಿಟ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕ್ಕೊಂಡು, ಸಿಕ್ಕ ಸಿಕ್ಕ ನಿಯಮ ಎಲ್ಲ ಓದಿ ಪಾಲಿಸಿದೆ. ಒಂದು ಸಲಕ್ಕೆ ಎರಡೇ ಸಾಲು. ಸಾಲಿಗೆ 42 ಅಕ್ಷರದ ಒಳಗೆ. ಸೆಕೆಂಡಿಗೆ 17 ಅಕ್ಷರ ಮೀರಬಾರದು, ಅದರಲ್ಲಿ ಜಾಗ ಬಿಟ್ಟಿದ್ದೂ ಲೆಕ್ಕ. ಒಂದು ಸಬ್‌ಟೈಟಲ್ 7 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಮಿತಿ ದಾಟಿದ್ರೆ ಸಾಫ್ಟ್‌ವೇರ್ ಕೆಂಪು ಬಣ್ಣ ತೋರಿಸುತ್ತೆ. ನನ್ನ ಫೈಲ್‌ನಲ್ಲಿ ಒಂದೂ ಕೆಂಪು ಇರಲಿಲ್ಲ. ಎಷ್ಟು ಜಂಬ ಅಂತೀರಿ.

ಸಿನಿಮಾದ ಮುಖ್ಯ ಸೀನ್ ಆಲೆಮನೇಲಿ ನಡೆಯುತ್ತೆ. ಕೊಪ್ಪರಿಗೇಲಿ ಕಬ್ಬಿನ ಹಾಲು ಕುದೀತಿದೆ. ಹುಡುಗ ಸೌದೆ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾನೆ. ದೊಡ್ಡಪ್ಪ ಪಾಕ ತಿರುವುತ್ತಾ ಹೇಳ್ತಾನೆ: "ನಿಮ್ಮಪ್ಪ ಸಾಯಕ್ಕೆ ಮುಂಚೆ ಆ ಎರಡೆಕ್ರೆ ಗದ್ದೆಯ... ನಿಂಗಲ್ಲ ಕಣ್ಲಾ..." ಅಂತಂದು ಸುಮ್ಮನಾಗ್ತಾನೆ. ಸೌಟು ಎತ್ತಿ ಪಾಕ ಎಳೆ ಬಂತಾ ನೋಡ್ತಾನೆ. ಆಮೇಲೆ, ಹುಡುಗನ ಮುಖ ನೋಡದೇನೇ, "ನಿನ್ ತಂಗಿಗೆ ಬರ್ದ್ಬುಟ್ಟವ್ನೆ." ಇಡೀ ಸಿನಿಮಾ ನಿಂತಿರೋದು ಆ ಸೌಟು ಎತ್ತುವ ಹೊತ್ತಿನ ಮೇಲೆ.

ನಾನು ಮಾಡಿದ್ದು ಇದು:

```
412
00:47:12,200 --> 00:47:18,900
Your father left those two acres
to your sister before he died, not to you.
```

ಲೆಕ್ಕ ಹಾಕಿ ನೋಡಿ. 74 ಅಕ್ಷರ, 6.7 ಸೆಕೆಂಡ್. ಸೆಕೆಂಡಿಗೆ 11 ಅಕ್ಷರ. ಆರಾಮಾಗಿ ಓದಬಹುದು. ವ್ಯಾಕರಣ ಸರಿ, ಅರ್ಥ ಸರಿ, ಶುರುವಾಗೋದು ಮುಗಿಯೋದು ಎರಡೂ ಮಾತಿಗೆ ಸರಿಯಾಗಿವೆ.

ಸರಸ್ವತಿಪುರಂನ ಒಂದು ಚಿಕ್ಕ ಹಾಲ್‌ನಲ್ಲಿ ಟ್ರಯಲ್ ಶೋ ಇಟ್ಟಿದ್ವಿ. ಮಾನಸಗಂಗೋತ್ರೀಲಿ ಓದ್ತಿದ್ದ ಹೊರರಾಜ್ಯದ ಹುಡುಗರನ್ನ ಕರೆದಿದ್ದೆ, ಅವರೆಲ್ಲ ಒಟ್ಟಿಗೆ ಎಡಗಡೆ ಕೂತರು. ಬಲಗಡೆ ಪೂರ್ತಿ ನಮ್ಮೋರು, ಪಾಂಡವಪುರದಿಂದ ಟೆಂಪೋ ಮಾಡ್ಕೊಂಡು ಬಂದವರು. ಆ ಸೀನ್ ಬಂತು. ದೊಡ್ಡಪ್ಪ ಇನ್ನೂ "ನಿಂಗಲ್ಲ ಕಣ್ಲಾ" ಅಂತ ಬಾಯಿ ತೆರೀತಿದ್ದಾನೆ, ಎಡಗಡೆಯಿಂದ "ಓ..." ಅಂತ ಉಸಿರು ಕೇಳಿಸ್ತು. ಬಲಗಡೆಯವರು ಏನಾಯ್ತು ಅಂತ ಅವರ ಕಡೆ ತಿರುಗಿದರು. ಅವರು ತಿರುಗಿ ನೋಡೋ ಹೊತ್ತಿಗೆ ಪರದೆ ಮೇಲೆ "ತಂಗಿಗೆ" ಬಂದು ಹೋಯ್ತು. ಎರಡೂ ಕಡೆಯವರಿಗೆ ಸೀನ್ ಸತ್ತುಹೋಯ್ತು. ಗೆಳೆಯ ಹಿಂದಿನ ಸಾಲಲ್ಲಿ ತಲೆ ತಗ್ಗಿಸಿ ಕೂತಿದ್ದ.

ಆಗಿದ್ದೇನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾವ ಸಾಫ್ಟ್‌ವೇರೂ ಹೇಳಲ್ಲ. ಕನ್ನಡದಲ್ಲಿ ಗುಟ್ಟು ವಾಕ್ಯದ ಬಾಲದಲ್ಲಿರುತ್ತೆ. ಯಾರಿಗೆ, ಏನಾಯ್ತು ಅನ್ನೋದನ್ನ ಕೊನೇವರೆಗೂ ಬಾಯಲ್ಲಿ ಹಿಡ್ಕೋಬಹುದು. ಇಂಗ್ಲಿಷಲ್ಲಿ ಕ್ರಿಯಾಪದ ಮುಂದಕ್ಕೆ ಓಡುತ್ತೆ, ಅದರ ಬೆನ್ನಿಗೇ "ಯಾರಿಗೆ" ಅನ್ನೋದೂ ಬಂದುಬಿಡುತ್ತೆ. ಅದರ ಮೇಲೆ, ಕಣ್ಣು ಓದುವ ವೇಗ ಬಾಯಿ ಆಡುವ ವೇಗಕ್ಕಿಂತ ಜಾಸ್ತಿ. ನನ್ನ ಸಬ್‌ಟೈಟಲ್‌ನಲ್ಲಿ "ಸಿಸ್ಟರ್" ಮುಗಿಯೋದು ಹೆಚ್ಚುಕಡಿಮೆ 46ನೇ ಅಕ್ಷರಕ್ಕೆ. ಸೆಕೆಂಡಿಗೆ 17ರ ಲೆಕ್ಕದಲ್ಲಿ ಓದೋನು ಮೂರು ಸೆಕೆಂಡಿನ ಒಳಗೆ, ಅಂದ್ರೆ 47:15ಕ್ಕೇ, ಅದನ್ನ ಓದಿ ಮುಗಿಸಿರ್ತಾನೆ. ನಟ "ತಂಗಿ" ಅನ್ನೋದು 47:17.6 ದಾಟಿದ ಮೇಲೆ. ಎರಡೂವರೆ ಸೆಕೆಂಡ್ ಮುಂಚೆ ನಾನು ಅವನ ಬಾಯಿಂದ ಮಾತು ಕಿತ್ಕೊಂಡಿದ್ದೆ. ಓದೋ ವೇಗದ ಮಿತಿ ಇರೋದು ನೋಡುವವನು ಹಿಂದೆ ಬೀಳದ ಹಾಗೆ ಕಾಯೋಕೆ. ಅವನು ಮುಂದೆ ಓಡಿಹೋಗೋದನ್ನ ಅದು ತಡೆಯಲ್ಲ.

ಇದರ ಮೂಲ ಪೇಪರ್ ಸ್ಕ್ರಿಪ್ಟ್. ಪೇಪರ್ ಮೇಲೆ ಆ ಸೌಟು ಇಲ್ಲ. ಮೂರು ಚುಕ್ಕಿ ಇದೆ ಅಷ್ಟೆ, ಅದನ್ನ ನಾನು ಅಲಂಕಾರ ಅಂದ್ಕೊಂಡೆ. ವಾಕ್ಯವನ್ನ ಒಂದು ಘಟಕ ಅಂತ ತಗೊಂಡು ಅನುವಾದ ಮಾಡಿದೆ. ಸಬ್‌ಟೈಟಲ್‌ಗೆ ಘಟಕ ಉಸಿರು. ನಟ ಎಲ್ಲಿ ಉಸಿರು ನಿಲ್ಲಿಸ್ತಾನೋ ಅಲ್ಲಿ ಸಬ್‌ಟೈಟಲ್ ನಿಲ್ಲಬೇಕು, ಆಮೇಲೆ ಆ ತುಂಡಿಗೆ ಇಂಗ್ಲಿಷ್ ಹುಡುಕಬೇಕು. ನಾನು ಮಾಡಿದ್ದು ಉಲ್ಟಾ.

ಆಮೇಲೆ ಸರಿಮಾಡಿದ್ದು:

```
412
00:47:12,200 --> 00:47:14,900
Your father left those two acres...

413
00:47:15,000 --> 00:47:16,400
Not to you.

414
00:47:17,600 --> 00:47:19,400
To your sister.
```

"ಸಾಯಕ್ಕೆ ಮುಂಚೆ" ಹಾರಿಹೋಯ್ತು. ಗೆಳೆಯ ಅದಕ್ಕೆ ಜಗಳ ಆಡಿದ. ಆದರೆ ಅಪ್ಪ ಸತ್ತಿದ್ದಾನೆ ಅನ್ನೋದು ಮೊದಲ ಹತ್ತು ನಿಮಿಷದಲ್ಲೇ ಎಲ್ಲರಿಗೂ ಗೊತ್ತು. ಅದನ್ನೂ ತುರುಕಿದ್ರೆ ಮೊದಲ ತುಂಡು 2.7 ಸೆಕೆಂಡಿನಲ್ಲಿ 50 ಅಕ್ಷರ ಆಗುತ್ತೆ, ಸೆಕೆಂಡಿಗೆ 18 ದಾಟುತ್ತೆ. ಈಗ 13. ಇನ್ನೊಂದು ನೋಡಿ: 16.4ರಿಂದ 17.6ರವರೆಗೆ ಪರದೆ ಖಾಲಿ. ಹೊಸಬರಿಗೆ ಖಾಲಿ ಪರದೆ ಕಂಡ್ರೆ ಭಯ, ಹಳೇ ಸಾಲನ್ನೇ ಎಳೆದು ನಿಲ್ಲಿಸ್ತಾರೆ. ಬಿಡಿ ಖಾಲಿ. ಆ ಒಂದೂಕಾಲು ಸೆಕೆಂಡ್ ಹೊರಗಿನವನೂ ಸೌಟನ್ನೇ ನೋಡಲಿ. ಕೊನೇ ಸಾಲನ್ನ ಮಾತು ಮುಗಿದ ಮೇಲೂ ಅರ್ಧ ಸೆಕೆಂಡ್ ಬಿಟ್ಟಿದ್ದೀನಿ, ಮುಂದಿನ ಶಾಟ್ ಶುರುವಾಗೋ ಮುಂಚೆ ತೆಗೆದಿದ್ದೀನಿ. ಶಾಟ್ ಬದಲಾದ ಮೇಲೂ ಸಾಲು ಅಲ್ಲೇ ಇದ್ರೆ ಕಣ್ಣು ಹೊಸ ಸಾಲು ಅಂದ್ಕೊಂಡು ಮತ್ತೆ ಮೊದಲಿಂದ ಓದೋಕೆ ಹೋಗುತ್ತೆ.

ಹಾಗಾಗಿ ನಿಮ್ಮ "ಟ್ರಾನ್ಸ್‌ಲೇಟ್ ಮಾಡಿಸಿದ್ರೆ ಆಗುತ್ತಲ್ವಾ"ಗೆ ನನ್ನ ಉತ್ತರ: ಆಗಲ್ಲ. ಸ್ಕ್ರಿಪ್ಟ್ ಯಾರಿಗೂ ಕೊಡಬೇಡಿ, ಸಿನಿಮಾ ಕೊಡಿ. ಅದೂ ಪಿಕ್ಚರ್ ಲಾಕ್ ಆದ ಮೇಲೆ, ಅಂದ್ರೆ ಎಡಿಟಿಂಗ್ ಪೂರ್ತಿ ಮುಗಿದ ಮೇಲೆ. ಇಲ್ಲದಿದ್ರೆ ನಿಮ್ಮ ಎಡಿಟರ್ ಒಂದು ಶಾಟ್ ಕತ್ತರಿಸಿದ ಕೂಡಲೇ ಅಲ್ಲಿಂದ ಮುಂದಿನ ಎಲ್ಲ ಸಾಲೂ ಜರುಗುತ್ತೆ. ಎಡಿಟ್ ಸೆಕೆಂಡಿಗೆ 24 ಫ್ರೇಮಲ್ಲಿ ಇದ್ದು, ನೋಡೋಕೆ ಕೊಟ್ಟ ಕಾಪಿ 25ರಲ್ಲಿ ಓಡ್ತಿದ್ರೆ ಇನ್ನೂ ಕಷ್ಟ. ಒಂದು ಗಂಟೆಗೆ 2 ನಿಮಿಷ 24 ಸೆಕೆಂಡ್ ತಪ್ಪಿರುತ್ತೆ. ಗುರುತಿಸೋದು ಸುಲಭ: ಶುರುವಿನಿಂದ ಕೊನೇವರೆಗೆ ಒಂದೇ ಅಳತೆ ತಪ್ಪಿದ್ರೆ ಜರುಗಿಸಿದ್ರೆ ಸಾಕು. ಹೋಗ್ತಾ ಹೋಗ್ತಾ ಅಂತರ ಬೆಳೀತಿದ್ರೆ ಅದು ಫ್ರೇಮಿನ ತಪ್ಪು.

ಇನ್ನು ತೆಲುಗು ಡಬ್ಬಿಂಗ್. ಇದೇ ಸೀನನ್ನ ನಾವು ಮಾಡಿ ನೋಡಿದ್ವಿ. ಅಲ್ಲಿ ತಂಗಿಯ ತೊಂದರೆ ಇಲ್ಲವೇ ಇಲ್ಲ, ತೆಲುಗೂ ನಮ್ಮ ಹಾಗೇ ವಾಕ್ಯದ ಕೊನೇಲಿ ಗುಟ್ಟು ಬಿಡುತ್ತೆ. "ನೀಕು ಕಾದುರಾ..." ಅಂದು ನಿಲ್ಲಿಸಬಹುದು. ತೊಂದರೆ ಬಂದಿದ್ದು ತುಟಿಯಲ್ಲಿ. "ಬರ್ದ್ಬುಟ್ಟವ್ನೆ" ಅನ್ನುವಾಗ ನಟನ ತುಟಿ ಎರಡು ಸಲ ಮುಚ್ಚುತ್ತೆ, ಬ ಮತ್ತು ಬು. ಕ್ಲೋಸಪ್ ಬೇರೆ. ಮೊದಲು ಬರೆದ ಸಾಲು "ನೀ ಚೆಲ್ಲೆಲಿಕಿ ರಾಸಿಚ್ಚಾಡು". ಅರ್ಥ ಸರಿ, ಆದರೆ ಅದರಲ್ಲಿ ತುಟಿ ಮುಚ್ಚುವ ಅಕ್ಷರ ಒಂದೂ ಇಲ್ಲ. ಪರದೆ ಮೇಲೆ ತುಟಿ ಮುಚ್ಚಿದೆ, ಧ್ವನಿ ಬಾಯಿ ಬಿಟ್ಕೊಂಡೇ ಓಡ್ತಿದೆ. ಕೇಳೋರಿಗೆ ಕಾರಣ ಗೊತ್ತಾಗಲ್ಲ, ಸುಳ್ಳು ಅನ್ಸುತ್ತೆ ಅಷ್ಟೆ. ಡೈಲಾಗ್ ಬರೆಯೋಕೆ ಬಂದಿದ್ದ ತೆಲುಗಿನವರು ಸೌಂಡ್ ಬಂದ್ ಮಾಡಿ ನಾಲ್ಕು ಸಲ ಬರೀ ತುಟಿ ನೋಡಿ, "ನೀ ಚೆಲ್ಲೆಲಿ ಪೇರುನ ಪೆಟ್ಟಾಡು" ಅಂದರು. ತಂಗಿ ಹೆಸರಿಗೆ ಇಟ್ಟ ಅಂತ. ಬ ಇದ್ದಲ್ಲಿ ಪೇ, ಬು ಇದ್ದಲ್ಲಿ ಪೆ, ಒತ್ತಕ್ಷರದ ಜಾಗಕ್ಕೆ ಒತ್ತಕ್ಷರ. ಆ ಮನುಷ್ಯರ ಕಾಲಿಗೆ ಬೀಳೋಣ ಅನ್ನಿಸ್ತು. ಪ, ಬ, ಮ ಇಷ್ಟನ್ನ ಕ್ಲೋಸಪ್‌ಗಳಲ್ಲಿ ಕಾಯಿರಿ. ದೂರದ ಶಾಟ್, ಬೆನ್ನು ತೋರಿಸುವ ಶಾಟ್‌ಗಳಲ್ಲಿ ಮಾತಿನ ಉದ್ದ ಕೂತರೆ ಸಾಕು.

ಇಷ್ಟೆಲ್ಲ ಆದ ಮೇಲೂ ನಾವು ಡಬ್ ಮಾಡಲಿಲ್ಲ. ನಮ್ಮದು ಸಿಂಕ್ ಸೌಂಡ್, ಶೂಟಿಂಗ್ ಹೊತ್ತಲ್ಲೇ ಮಾತು ರೆಕಾರ್ಡ್ ಮಾಡಿದ್ದು. ದೊಡ್ಡಪ್ಪನ ಮಾತಿನ ಜೊತೆಗೇ ಪಾಕ ಕುದಿಯೋದು, ಗಾಣದ ಎಂಜಿನ್, ಹೊರಗಿನ ಕಾಗೆ ಎಲ್ಲ ಒಂದೇ ಟ್ರ್ಯಾಕಲ್ಲಿ ಬೆರೆತಿತ್ತು. ಮಾತು ತೆಗೆದ್ರೆ ಆಲೆಮನೆಯೂ ಹೋಗುತ್ತೆ. ಎಂ ಅಂಡ್ ಇ ಅಂತಾರಲ್ಲ, ಮಾತಿಲ್ಲದ ಬರೀ ಸಂಗೀತ ಮತ್ತು ಸದ್ದಿನ ಟ್ರ್ಯಾಕ್, ಅದು ಇರಲಿಲ್ಲ. ಎರಡು ಗಂಟೆಯ ಸಿನಿಮಾಗೆ ಹೆಜ್ಜೆ ಸಪ್ಪಳದಿಂದ ಹಿಡಿದು ಎಲ್ಲ ಸದ್ದನ್ನೂ ಸ್ಟುಡಿಯೋದಲ್ಲಿ ಹೊಸದಾಗಿ ಹುಟ್ಟಿಸಿ ಫೋಲೀ ಮಾಡಿಸಬೇಕಿತ್ತು. ಆ ದುಡ್ಡಲ್ಲಿ ಗೆಳೆಯ ಇನ್ನೊಂದು ಸಿನಿಮಾ ಶುರು ಮಾಡ್ತಿದ್ದ.

ಆದ್ದರಿಂದ ಸಬ್‌ಟೈಟಲಾ ಡಬ್ಬಿಂಗಾ ಅಂತ ನನ್ನ ಕೇಳಬೇಡಿ, ನಿಮ್ಮ ಸೌಂಡ್ ಮಾಡಿದೋರಿಗೆ ಇವತ್ತೇ ಫೋನ್ ಮಾಡಿ "ಎಂ ಅಂಡ್ ಇ ಟ್ರ್ಯಾಕ್ ಬೇರೆ ಇದ್ಯಾ" ಅಂತ ಕೇಳಿ. ಇಲ್ಲ ಅಂದ್ರೆ ಡಬ್ಬಿಂಗ್ ಮಾತು ಬಿಡಿ. ಸಬ್‌ಟೈಟಲ್ ಮಾಡೋರು ಸಿಕ್ಕಿದ್ರೆ ಪೂರ್ತಿ ಸಿನಿಮಾ ಕೊಡೋ ಮುಂಚೆ ನಿಮ್ಮ ಸಿನಿಮಾದಲ್ಲಿ ಹೀಗೆ ಮಾತು ತಡೆದು ಹೇಳುವ ಸೀನ್ ಯಾವುದಿದೆಯೋ ಅದೊಂದನ್ನೇ ಮಾಡಿಸಿ, ಕನ್ನಡ ಬರದ ಇಬ್ಬರನ್ನ ಕೂರಿಸಿ ತೋರಿಸಿ. ಪರದೆ ನೋಡಬೇಡಿ, ಅವರ ಮುಖ ನೋಡಿ.