ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಬಂದ ಪತ್ರ

ಪ್ರಶ್ನೆ: ರಾಜ, ರಾಣಿ, ಗವರ್ನರ್ ಜನರಲ್ ಎಲ್ಲರೂ ಸರ್ಕಾರ ಹೇಳಿದ ಕಡೆ ಸಹಿ ಹಾಕುವವರು ಅಂತ ಓದಿದ್ದೇನೆ. ಹಾಗಿದ್ದರೆ 1975ರಲ್ಲಿ ಆಸ್ಟ್ರೇಲಿಯಾದಲ್ಲಿ ಬಹುಮತ ಇದ್ದ ಪ್ರಧಾನಿಯನ್ನೇ ಮನೆಗೆ ಕಳಿಸಿದ್ದು ಹೇಗೆ? ಅದು ಸರಿಯಾ? — ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ರಾಣಿಯ ಪ್ರತಿನಿಧಿಯಾದ ಗವರ್ನರ್ ಜನರಲ್‌ಗೆ ಕಾನೂನಿನ ಪುಸ್ತಕದಲ್ಲಿ ಆ ಅಧಿಕಾರ ಇತ್ತು. ಮಂತ್ರಿಗಳು ಗವರ್ನರ್ ಜನರಲ್ ಒಪ್ಪಿಗೆ ಇರುವವರೆಗೆ ಮಾತ್ರ ಅಧಿಕಾರದಲ್ಲಿರುತ್ತಾರೆ ಎಂದು ಆಸ್ಟ್ರೇಲಿಯಾದ ಸಂವಿಧಾನದ 64ನೇ ಕಲಂ ಹೇಳುತ್ತದೆ. ಆದರೆ ಪ್ರಧಾನಿ ಹೇಳಿದಂತೆ ನಡೆಯಬೇಕು ಅನ್ನುವುದು ರೂಢಿ. ಆ ರೂಢಿಯನ್ನು ದಾಟಿ ತನ್ನ ವಿವೇಚನೆಯಿಂದ ಬಳಸುವುದಕ್ಕೆ ಮೀಸಲು ಅಧಿಕಾರ ಅನ್ನುತ್ತಾರೆ. ಬೇರೆ ಯಾವ ದಾರಿಯೂ ಉಳಿದಿಲ್ಲ ಅನ್ನುವಾಗ ಮಾತ್ರ ಅದನ್ನು ಮುಟ್ಟಬೇಕು.

ಅಂದು ದಾರಿ ಮುಚ್ಚಿತ್ತಾ? ಪ್ರಧಾನಿ ಗಾಫ್ ವಿಟ್ಲಮ್ ಅವರ ಲೇಬರ್ ಪಕ್ಷಕ್ಕೆ ಕೆಳಮನೆಯಲ್ಲಿ ಬಹುಮತ ಇತ್ತು, ಸೆನೆಟ್‌ನಲ್ಲಿ ಇರಲಿಲ್ಲ. ವಿರೋಧ ಪಕ್ಷದ ನಾಯಕ ಮಾಲ್ಕಮ್ ಫ್ರೇಸರ್ ಅಕ್ಟೋಬರ್ ಮಧ್ಯದಲ್ಲಿ ಖರ್ಚಿನ ಮಸೂದೆಗಳನ್ನು ಸೆನೆಟ್‌ನಲ್ಲಿ ತಡೆಹಿಡಿಸಿದರು. ತಿರಸ್ಕರಿಸಲಿಲ್ಲ, ಸುಮ್ನೆ ಮುಂದೂಡುತ್ತಾ ಹೋದರು. ಚುನಾವಣೆ ಘೋಷಿಸಿದರೆ ಮಾತ್ರ ಪಾಸು ಮಾಡುತ್ತೇವೆ ಎಂದರು. ವಿಟ್ಲಮ್ ಬಗ್ಗಲಿಲ್ಲ. ಸರ್ಕಾರದ ಕೈಯಲ್ಲಿದ್ದ ಹಣ ನವೆಂಬರ್ ಕೊನೆಯವರೆಗೆ ಸಾಕಾಗುತ್ತದೆ ಎಂಬ ಲೆಕ್ಕ ಇತ್ತು.

ನವೆಂಬರ್ 11, ಮಂಗಳವಾರ. ಸೆನೆಟ್‌ನ ಅರ್ಧ ಸ್ಥಾನಗಳಿಗೆ ಚುನಾವಣೆ ಕೇಳಲು ವಿಟ್ಲಮ್ ಮಧ್ಯಾಹ್ನ ಒಂದರ ಹೊತ್ತಿಗೆ ಗವರ್ನರ್ ಜನರಲ್ ಸರ್ ಜಾನ್ ಕರ್ ಅವರ ಮನೆಗೆ ಹೋದರು. ಕೈಗೆ ಸಿಕ್ಕಿದ್ದು ವಜಾ ಪತ್ರ. ಫ್ರೇಸರ್ ಅಷ್ಟರಲ್ಲೇ ಬಂದು ಬೇರೆ ಕೋಣೆಯಲ್ಲಿ ಕೂತಿದ್ದರು. ಖರ್ಚಿನ ಮಸೂದೆ ಪಾಸು ಮಾಡಿಸಬೇಕು, ಎರಡೂ ಮನೆ ವಿಸರ್ಜಿಸಿ ಚುನಾವಣೆಗೆ ಹೋಗಬೇಕು ಎಂಬ ಷರತ್ತಿನ ಮೇಲೆ ಅವರನ್ನು ಉಸ್ತುವಾರಿ ಪ್ರಧಾನಿ ಮಾಡಲಾಯಿತು.

ನನಗೆ ಜಾಸ್ತಿ ನೋವು ಕೊಡುವುದು ಮುಂದಿನ ಮೂರು ಗಂಟೆ. 2.24ಕ್ಕೆ ಸೆನೆಟ್ ಮಸೂದೆ ಪಾಸು ಮಾಡಿತು. ಅಂದರೆ ಹಣದ ಬಿಕ್ಕಟ್ಟು ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿಗೆ ಕೆಳಮನೆ ಫ್ರೇಸರ್ ಮೇಲೆ 64-54 ಮತಗಳಿಂದ ಅವಿಶ್ವಾಸ ಸೂಚಿಸಿತು. ಅದನ್ನು ತಿಳಿಸಲು ಸ್ಪೀಕರ್ ಗಾರ್ಡನ್ ಸ್ಕೋಲ್ಸ್ ಸಮಯ ಕೇಳಿದರೆ, 4.45ಕ್ಕೆ ಬನ್ನಿ ಎಂಬ ಉತ್ತರ ಬಂತು. ಆ ಹೊತ್ತಿಗೆ ಸಂಸತ್ತಿನ ಮೆಟ್ಟಿಲ ಮೇಲೆ ವಿಸರ್ಜನೆಯ ಘೋಷಣೆ ಓದಲಾಗುತ್ತಿತ್ತು. ಕೆಳಮನೆಯ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಆ ಮನೆಯನ್ನೇ ಮುಚ್ಚಿದ್ದು ನನ್ನ ಮಟ್ಟಿಗೆ ವಜಾಕ್ಕಿಂತ ದೊಡ್ಡ ತಪ್ಪು.

ಇನ್ನೊಂದು ತಪ್ಪು, ಕರ್ ಎಚ್ಚರಿಕೆ ಕೊಡಲಿಲ್ಲ. "ಇಂಥ ದಿನದೊಳಗೆ ಬಗೆಹರಿಸಿ, ಇಲ್ಲದಿದ್ದರೆ ನಾನೇ ಚುನಾವಣೆಗೆ ಕಳಿಸಬೇಕಾಗುತ್ತದೆ" ಎಂದು ಪ್ರಧಾನಿಗೆ ಮುಖಾಮುಖಿ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ? ಗವರ್ನರ್ ಜನರಲ್‌ನನ್ನು ತೆಗೆಯಿರಿ ಎಂದು ರಾಣಿಗೆ ಸಲಹೆ ಕೊಡುವ ಹಕ್ಕು ಪ್ರಧಾನಿಗೂ ಇತ್ತು. ಹೇಳಿದರೆ ತನ್ನ ಕುರ್ಚಿಯೇ ಹೋದೀತು ಎಂಬ ಭಯ ಕರ್ ಅವರಿಗಿತ್ತು. ಒಬ್ಬರನ್ನೊಬ್ಬರು ಕಿತ್ತುಹಾಕಬಲ್ಲ ಇಬ್ಬರು ಎದುರುಬದುರು ಕೂತರೆ ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ, ಅಲ್ವಾ? ಆದರೂ ಅದೇ ದೇಶದಲ್ಲಿ 1932ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಗವರ್ನರ್ ಫಿಲಿಪ್ ಗೇಮ್ ಬೇರೆ ರೀತಿ ನಡೆದುಕೊಂಡಿದ್ದರು. ಪ್ರೀಮಿಯರ್ ಜ್ಯಾಕ್ ಲ್ಯಾಂಗ್ ಅವರ ಆದೇಶ ಕಾನೂನಿಗೆ ವಿರುದ್ಧ ಎಂದು ಮೊದಲು ಅವರಿಗೇ ಹೇಳಿದರು. ವಾಪಸ್ ತೆಗೆದುಕೊಳ್ಳಿ, ಇಲ್ಲವೇ ರಾಜೀನಾಮೆ ಕೊಡಿ ಎಂದರು. ಎರಡಕ್ಕೂ ಒಪ್ಪದಿದ್ದಾಗಲೇ ವಜಾ ಮಾಡಿದರು.

ಕರ್ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಅಧಿಕಾರವನ್ನು ತಮ್ಮ ಬಳಿ ಇಟ್ಟುಕೊಳ್ಳಲಿಲ್ಲ, ಜನರ ಕೈಗೆ ಕೊಟ್ಟರು. ಡಿಸೆಂಬರ್ 13ರ ಚುನಾವಣೆಯಲ್ಲಿ ಫ್ರೇಸರ್ ಭಾರೀ ಬಹುಮತದಿಂದ ಗೆದ್ದರು. ಆದರೆ ಜನ ಫ್ರೇಸರ್‌ಗೆ ಮತ ಹಾಕಿದ್ದರಿಂದ ಕರ್ ನಡೆದ ದಾರಿ ಸರಿಯಾಗುವುದಿಲ್ಲ. ಹಣ ಮುಗಿಯಲು ಇನ್ನೂ ಎರಡು ವಾರಕ್ಕಿಂತ ಜಾಸ್ತಿ ಇತ್ತು.

ನಮ್ಮಲ್ಲಿ ರಾಜ ಇಲ್ಲ, ಆದರೆ ರಾಜ್ಯಪಾಲರ ಹುದ್ದೆ ಅದೇ ಬ್ರಿಟಿಷ್ ಬೇರಿನದು. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರು ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ರಾಜ್ಯಪಾಲರು ಅವಕಾಶ ಕೊಡದೆ ಕೇಂದ್ರಕ್ಕೆ ವರದಿ ಕಳಿಸಿದರು. ಬಹುಮತದ ಪರೀಕ್ಷೆ ಆಗಬೇಕಾದದ್ದು ಸದನದಲ್ಲಿ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಸ್ಕೋಲ್ಸ್ ಬಾಗಿಲು ತಟ್ಟಿದ್ದೂ ಅದನ್ನೇ ಹೇಳಲು.

ಸ್ಕೋಲ್ಸ್ ಮರುದಿನ ರಾಣಿಗೇ ಪತ್ರ ಬರೆದರು. ಆ ಅಧಿಕಾರ ಸಂವಿಧಾನದ ಪ್ರಕಾರ ಗವರ್ನರ್ ಜನರಲ್ ಕೈಯಲ್ಲಿದೆ, ರಾಣಿ ಅದರಲ್ಲಿ ಕೈಹಾಕುವಂತಿಲ್ಲ ಎಂದು ಅರಮನೆಯಿಂದ ಉತ್ತರ ಬಂತು. ಆ 64ನೇ ಕಲಂ ಇಂದಿಗೂ ಹಾಗೆಯೇ ಇದೆ. ಸೆನೆಟ್ ಖರ್ಚಿನ ಮಸೂದೆ ತಡೆಯುವ ಹಕ್ಕೂ ಹಾಗೆಯೇ ಇದೆ.