ಚಿಪ್ ಕೀಳುವುದಲ್ಲ, ಬಿಡಿಸುವುದು

ಪ್ರಶ್ನೆ: ಲ್ಯಾಪ್‌ಟಾಪ್ ಬೋರ್ಡ್‌ನ ಚಾರ್ಜಿಂಗ್ ಐಸಿ ತೆಗೀಬೇಕಿತ್ತು. ಬ್ಲೋವರ್ 380ಕ್ಕೆ ಇಟ್ಟು ಎರಡು ನಿಮಿಷ ಹೊಡೆದೆ, ಅಲ್ಲಾಡಲಿಲ್ಲ. 450ಕ್ಕೆ ಏರಿಸಿ ಒಂದು ಮೂಲೆಯಿಂದ ಚಿಮಟದಲ್ಲಿ ಎತ್ತಿದೆ. ಚಿಪ್ ಬಂತು, ಜೊತೆಗೆ ಮೂರು ಪ್ಯಾಡೂ ಬಂದವು. ನನ್ನ ಬ್ಲೋವರ್ ಡಮ್ಮಿನಾ? ಸೆಕೆ ಅಂತ ಮೇಲೆ ಫ್ಯಾನ್ ಓಡ್ತಿತ್ತು, ಅದರಿಂದ ಏನಾದ್ರೂ ಆಗಿರಬಹುದಾ? — ಗದಗ

ಬ್ಲೋವರ್ ಸರಿ ಇದೆ. ಫ್ಯಾನ್ ಮಾತ್ರ ಪೂರ್ತಿ ತಪ್ಪು. ಗದಗಿನ ಬೇಸಿಗೆ ನನಗೂ ಗೊತ್ತು, ಆದರೂ ಆ ಐದು ನಿಮಿಷ ಫ್ಯಾನ್ ಆಫ್ ಮಾಡಿ ಬೆವರಿರಿ. ನೀವು ಒಂದು ಕಡೆಯಿಂದ ಕಾಯಿಸುತ್ತಿದ್ದರೆ ಅದು ಇನ್ನೊಂದು ಕಡೆಯಿಂದ ಆರಿಸುತ್ತಿರುತ್ತದೆ.

ನಿಜವಾದ ಕಾರಣ ಚಿಪ್‌ನ ಹೊಟ್ಟೆಯ ಕೆಳಗಿದೆ. ಇಂಥ ಚಾರ್ಜಿಂಗ್ ಐಸಿಗಳಿಗೆ ಹೊರಗೆ ಚಾಚಿದ ಕಾಲು ಇರುವುದಿಲ್ಲ. ಅಂಚಿನಲ್ಲಿ ಸಣ್ಣ ಪ್ಯಾಡ್‌ಗಳು, ನಟ್ಟನಡುವೆ ಒಂದು ದೊಡ್ಡ ಗ್ರೌಂಡ್ ಪ್ಯಾಡ್. ಆ ದೊಡ್ಡ ಪ್ಯಾಡ್ ಸಣ್ಣ ತೂತುಗಳ ಮೂಲಕ ಬೋರ್ಡ್‌ನ ಒಳಗಿನ ತಾಮ್ರದ ಹಾಳೆಗೆ ಸೇರಿರುತ್ತದೆ. ನೀವು ಕೊಟ್ಟ ಶಾಖವನ್ನೆಲ್ಲ ಆ ತಾಮ್ರ ಇಡೀ ಬೋರ್ಡ್‌ಗೆ ಹಂಚಿಬಿಡುತ್ತದೆ. 380 ಅನ್ನುವುದು ಗಾಳಿಯ ಬಿಸಿ, ಸೋಲ್ಡರ್‌ನದ್ದಲ್ಲ. ಸೀಸವಿಲ್ಲದ ಸೋಲ್ಡರ್ ಕರಗಲು ಸುಮಾರು 217 ಡಿಗ್ರಿ ಬೇಕು. ಚಿಪ್‌ನ ಕೆಳಗೆ ಅಷ್ಟು ಬಿಸಿ ಮುಟ್ಟಿರಲೇ ಇಲ್ಲ.

ಹಾಗಾಗಿ ಮೊದಲು ಕೆಳಗಿನಿಂದ ಕಾಯಿಸಿ. ಬ್ಯಾಟರಿ ತೆಗೆದು, ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್‌ಗಳಿಗೆ ಶಾಖ ತಡೆಯುವ ಟೇಪ್ ಹಾಕಿ. ಪ್ರೀಹೀಟರ್ ಮೇಲಿಟ್ಟು ಬೋರ್ಡ್ ಸುಮಾರು 120–150 ಡಿಗ್ರಿಗೆ ಬರುವ ತನಕ ಕಾಯಿರಿ. ಚಿಪ್‌ನ ನಾಲ್ಕೂ ಅಂಚಿಗೆ ಜೆಲ್ ಫ್ಲಕ್ಸ್ ಹಚ್ಚಿ, ಜಿಪುಣತನ ಬೇಡ. ಸೋಲ್ಡರ್ ಮೇಲಿನ ಕಿಲುಬು ಬಿಡಿಸಿ, ಬಿಸಿಯನ್ನು ಸಂದಿಯೊಳಗೆ ಮುಟ್ಟಿಸುವುದು ಅದೇ. ಆಮೇಲೆ 360ರ ಆಸುಪಾಸಿನಲ್ಲಿ, ಗಾಳಿ ಮಧ್ಯಮ ಇಟ್ಟು, ನಾಜಲ್ಲನ್ನು ಒಂದೆರಡು ಸೆಂಟಿಮೀಟರ್ ಮೇಲೆ ಹಿಡಿದು ಸುತ್ತಿಸುತ್ತಾ ಇರಿ. ಒಂದೇ ಕಡೆ ನಿಲ್ಲಿಸಬೇಡಿ.

ಈಗ ಕಣ್ಣಿಗೆ ಕೆಲಸ. ಫ್ಲಕ್ಸ್ ಮೊದಲು ನೀರಾಗಿ ಹರಡುತ್ತದೆ, ಹೊಗೆಯಾಡುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದ ಸಣ್ಣ ಕೆಪ್ಯಾಸಿಟರ್‌ಗಳ ಸೋಲ್ಡರ್ ಮಂಕು ಕಳೆದು ಕನ್ನಡಿಯಂತೆ ಹೊಳೆಯುತ್ತದೆ. ಆಗಲೂ ಎತ್ತಬೇಡಿ, ಅಂಚು ಕರಗಿದ್ದರೂ ನಡುವಿನ ಪ್ಯಾಡ್ ಗಟ್ಟಿ ಇರಬಹುದು. ಚಿಮಟದ ತುದಿಯಿಂದ ಚಿಪ್ಪನ್ನು ಪಕ್ಕಕ್ಕೆ ಕೂದಲೆಳೆಯಷ್ಟು ತಳ್ಳಿ ನೋಡಿ. ಪೂರ್ತಿ ಕರಗಿದ್ದರೆ ಅದು ಸರಿದು, ಬಿಟ್ಟೊಡನೆ ತಾನೇ ಮೊದಲಿನ ಜಾಗಕ್ಕೆ ವಾಪಸ್ ಬರುತ್ತದೆ. ಕರಗಿದ ಸೋಲ್ಡರ್ ಎಳೆದುಕೊಳ್ಳುವುದೇ ಹಾಗೆ. ಹಾಗೆ ತೇಲಿದಾಗ ಮಾತ್ರ ನೇರ ಮೇಲಕ್ಕೆ ಎತ್ತಿ. ಅಲ್ಲಾಡದಿದ್ದರೆ ಇನ್ನಷ್ಟು ಕಾಯಿಸಿ, ಬಲ ಹಾಕಬೇಡಿ. ಬೋರ್ಡ್ ಕಂದಾಗುತ್ತಿದ್ದರೆ ಅಥವಾ ಗುಳ್ಳೆ ಏಳುತ್ತಿದ್ದರೆ ನಿಲ್ಲಿಸಿಬಿಡಿ.

ನೀವು ಮೂಲೆಯಿಂದ ಮೀಟಿದಿರಿ. ಆ ಮೂಲೆ ಕರಗಿತ್ತು, ಎದುರಿನ ಸಾಲು ಕರಗಿರಲಿಲ್ಲ. ಬಿಸಿಗೆ ತಾಮ್ರ ಮತ್ತು ಬೋರ್ಡ್ ನಡುವಿನ ಅಂಟು ಸಡಿಲವಾಗಿರುತ್ತದೆ, ಸೋಲ್ಡರ್ ಬಿಡುವ ಬದಲು ಪ್ಯಾಡೇ ಕಿತ್ತು ಬರುತ್ತದೆ. ಹಳೇ ಚಿಪ್ ತಿರುಗಿಸಿ ನೋಡಿ, ಆ ಮೂರು ತಾಮ್ರದ ಚೂರು ಅಲ್ಲೇ ಅಂಟಿರಬೇಕು. ಅವು ಎಷ್ಟನೇ ಪಿನ್ ಅಂತ ಡೇಟಾಶೀಟ್‌ನಲ್ಲಿ ನೋಡಿ. ಎಲ್ಲಿಗೂ ಹೋಗದ ಪಿನ್ ಆಗಿದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಆ ಟ್ರೇಸಿನ ಮೇಲಿನ ಹಸಿರು ಲೇಪವನ್ನು ಮೆಲ್ಲಗೆ ಕೆರೆದು, ಎನಾಮಲ್ ತಂತಿಯ ಜಂಪರ್ ಎಳೆಯಬೇಕು. ಮೈಕ್ರೋಸ್ಕೋಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಪ್ರಶ್ನೆ: ಕಾಲಿಗೆ ಸೀಸದ ಸೋಲ್ಡರ್ ಸೇರಿಸಿದರೆ ಬೇಗ ಬರತ್ತಂತೆ, ಹೌದಾ? — ಹುಬ್ಬಳ್ಳಿ

ಹೊರಗೆ ಕಾಲಿರುವ ಚಿಪ್‌ಗೆ ಹೌದು. 63/37 ಸೋಲ್ಡರ್ 183 ಡಿಗ್ರಿಗೇ ಕರಗುತ್ತದೆ, ಬೆರೆತರೆ ಕಾಲಿನ ಸೋಲ್ಡರೂ ಮೊದಲಿಗಿಂತ ಬೇಗ ಕರಗುತ್ತದೆ. ಮೇಲಿನ ಗದಗಿನವರ ಚಿಪ್‌ಗೆ ಅರ್ಧ ಲಾಭ, ಹೊಟ್ಟೆಯ ಕೆಳಗಿನ ಪ್ಯಾಡ್‌ವರೆಗೆ ಅದು ಹೋಗುವುದಿಲ್ಲ. ಇನ್ನೂ ಕಡಿಮೆ ಬಿಸಿಗೆ ಕರಗುವ ಬಿಸ್ಮತ್ ಬೆರೆತ ಸೋಲ್ಡರ್ ಬಳಸಿದರೆ ಆಮೇಲೆ ವಿಕ್‌ನಿಂದ ಚೊಕ್ಕ ಮಾಡಿ. ತವರ, ಸೀಸ, ಬಿಸ್ಮತ್ ಮೂರೂ ಉಳಿದುಕೊಂಡರೆ 96 ಡಿಗ್ರಿಗೇ ಕರಗುವ ಮಿಶ್ರಣವಾಗಬಹುದು. ಚಾರ್ಜಿಂಗ್ ಐಸಿ ಕೂರುವ ಜಾಗದಲ್ಲಿ ಅದು ಬೇಕಾ?

ಪ್ರಶ್ನೆ: ಫ್ಲಕ್ಸ್ ಬದಲು ಪೈಪ್ ಬೆಸೆಯುವ ಪೇಸ್ಟ್ ನಡೆಯುತ್ತಾ? — ಹಾವೇರಿ

ಇಲ್ಲ. ಅದರಲ್ಲಿ ಆಸಿಡ್ ಇರುತ್ತದೆ, ಟ್ರೇಸ್ ತಿಂದುಹಾಕುತ್ತದೆ.

ಪ್ರಶ್ನೆ: ಸತ್ತ ಬೋರ್ಡನ್ನು ಅಡುಗೆಮನೆ ಓವನ್‌ನಲ್ಲಿಟ್ಟರೆ ಜೀವ ಬರುತ್ತೆ ಅಂತ ವಿಡಿಯೋ ನೋಡಿದೆ. — ಧಾರವಾಡ

ಬಂದರೂ ಕೆಲವು ದಿನಕ್ಕೆ. ಆ ವಿಡಿಯೋ ಮಾಡಿದವರು ತಿಂಗಳಾದ ಮೇಲೆ ಇನ್ನೊಂದು ವಿಡಿಯೋ ಯಾಕೆ ಹಾಕುವುದಿಲ್ಲ, ಯೋಚಿಸಿ. ಕನೆಕ್ಟರ್ ಕರಗುತ್ತವೆ, ಕೆಪ್ಯಾಸಿಟರ್ ಉಬ್ಬುತ್ತವೆ. ಆ ಹೊಗೆ ಕುಡಿದ ಓವನ್‌ನಲ್ಲಿ ಮತ್ತೆ ಕೇಕ್ ಮಾಡಬೇಡಿ.

ಪ್ರಶ್ನೆ: ಹೇರ್ ಡ್ರೈಯರ್‌ನಿಂದ ಚಿಪ್ ತೆಗೀಬಹುದಾ? — ಹುಬ್ಬಳ್ಳಿ

ಕೂದಲು ಒಣಗಿಸಿ.