ಬೇರೆ ಕ್ಲಿನಿಕ್ ಕೆಲಸ ಮಾಡಬಾರದು ಅನ್ನುವ ಷರತ್ತಿಗೆ ಒಪ್ಪಬೇಕಾ?

"ಹಲ್ಲಿನ ಕ್ಲಿನಿಕ್‌ಗಳಿಗೆ ವೆಬ್‌ಸೈಟ್ ಮಾಡಿಕೊಡ್ತೀನಿ. ಮೈಸೂರಿನ ಹೊಸ ಕ್ಲೈಂಟ್ ತಿಂಗಳಿಗೆ 20,000 ಕೊಡ್ತಾರೆ. ಆದರೆ ಕರಾರು ಇರುವಾಗ ಮತ್ತು ಮುಗಿದು 2 ವರ್ಷ ಬೇರೆ ಯಾವ ಡೆಂಟಲ್ ಕ್ಲಿನಿಕ್ ಕೆಲಸವನ್ನೂ ಮಾಡಬಾರದಂತೆ. ಸಂಬಂಧ ಕೆಡದ ಹಾಗೆ ಬೇಡ ಅನ್ನೋದು ಹೇಗೆ?"

ಆ 2 ವರ್ಷದ ಭಾಗಕ್ಕೆ ಜಾಸ್ತಿ ಹೆದರಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕರಾರು ಮುಗಿದ ಮೇಲೂ ದುಡಿಮೆ ತಡೆಯುವ ಷರತ್ತು ಸಾಮಾನ್ಯವಾಗಿ ಊರ್ಜಿತವಲ್ಲ. ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಕಷ್ಟ ಇರುವುದು ಮೊದಲ ಭಾಗದಲ್ಲಿ. ಕರಾರು ಚಾಲ್ತಿಯಲ್ಲಿ ಇರುವಾಗಿನ ನಿರ್ಬಂಧವನ್ನು ಕೋರ್ಟ್‌ಗಳು ಎಷ್ಟೋ ಸಲ ಎತ್ತಿಹಿಡಿದಿವೆ. ಹಾಗಾಗಿ "ಹೇಗೂ ನಡೆಯಲ್ಲ" ಅಂತ ಸುಮ್ನೆ ಸಹಿ ಹಾಕಬೇಡಿ.

ಕಾನೂನು ತೋರಿಸಿ ವಾದಕ್ಕೂ ಇಳಿಯಬೇಡಿ. ಅವರ ಭಯ ಏನು ಅಂತ ಕೇಳಿ. ಹೆಚ್ಚಾಗಿ ತಮ್ಮ ರೋಗಿಗಳ ಮಾಹಿತಿ, ಜಾಹೀರಾತಿನ ಲೆಕ್ಕ ಪಕ್ಕದ ಬೀದಿಯ ಕ್ಲಿನಿಕ್‌ಗೆ ಹೋಗುತ್ತೆ ಅನ್ನೋದೇ ಇರುತ್ತದೆ. ಅದಕ್ಕೆ ಗೌಪ್ಯತೆಯ ಷರತ್ತು ಸಾಕು. ಹೀಗೆ ಬರೆಯಿರಿ:

"ಡಾಕ್ಟ್ರೇ, ನನ್ನ ಕೆಲಸ ಪೂರ್ತಿ ಡೆಂಟಲ್ ಕ್ಲಿನಿಕ್‌ಗಳದ್ದೇ. ಹಾಗಾಗಿ ಈ ಷರತ್ತಿಗೆ ಒಪ್ಪಲು ಆಗುವುದಿಲ್ಲ. ನಿಮ್ಮ ಮಾಹಿತಿ, ವಿನ್ಯಾಸ ಬೇರೆಯವರಿಗೆ ಬಳಸುವುದಿಲ್ಲ ಅಂತ ಬರೆದುಕೊಡುತ್ತೇನೆ."

ಇನ್ನೂ ಹಿಡಿದುಕೊಂಡರೆ, ಹೆಸರು ಹೇಳಿ ಇಬ್ಬರೋ ಮೂವರೋ ಪೈಪೋಟಿಯವರ ಕೆಲಸವನ್ನು ಮಾತ್ರ, ಕರಾರಿನ ಅವಧಿಗೆ ಬಿಡಲು ಒಪ್ಪಬಹುದು. ಅದಕ್ಕೆ ಬೇರೆ ಶುಲ್ಕ ಕೇಳಿ. ಈಗಿನ ಗ್ರಾಹಕರು ಆ ಪಟ್ಟಿಯಲ್ಲಿ ಇಲ್ಲ ಅಂತ ನೋಡಿಕೊಳ್ಳಿ. "ಅದೇ ರೀತಿಯ ವ್ಯವಹಾರ" ಅಂತ ಎಲ್ಲ ಕ್ಲಿನಿಕ್‌ಗಳನ್ನೂ ಮತ್ತೆ ಒಳಗೆ ಎಳೆಯುವಂಥ ಸಾಲು ಎಲ್ಲಾದರೂ ಉಳಿದಿದ್ದರೆ ಹೊಡೆದು ಹಾಕಿಸಿ, ಆಮೇಲೆ ಸಹಿ.